ಚಿಕ್ಕಮ್ಮನ ಟಿಕೆಟ್ಟಿನ ಫೋಟೋ ಮತ್ತು ಒಂದು ಗಂಟೆಯ ಓಡಾಟ

ಮೇ 15ರ ಗುರುವಾರ ರಾತ್ರಿ ಚಿಕ್ಕಮ್ಮ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೋ ಕಳಿಸಿದಳು. ಹಿಂದೆಯೇ ಧ್ವನಿ ಸಂದೇಶ: "ಟಿಕೇಟು ತೆಗೆಸೈತಿ ನೋಡಪ್ಪಾ. ಸೀಟು ಎಲ್ಲಿ ಬಂದೈತಿ ಹೇಳು."

ಬೆಳಗಾವಿಯಲ್ಲಿ ಅವಳ ತಂಗಿಯ ಮನೆಯ ಗೃಹಪ್ರವೇಶ ಇತ್ತು. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗ, ಹೀಗೆ ಮೂವರು ಹೊರಟಿದ್ದರು. ಚಿಕ್ಕಪ್ಪ ಲಾರಿ ಓಡಿಸಿ ಅರ್ಧ ಭಾರತ ನೋಡಿದವರು, ಆದರೆ ರೈಲಿನಲ್ಲಿ ಹರಿಹರ ದಾಟಿದವರಲ್ಲ. ಚಿಕ್ಕಮ್ಮ ರಿಸರ್ವೇಶನ್ ಎಂಬುದನ್ನು ಕಂಡಿದ್ದೇ ಇದು ಮೊದಲು. ಏಪ್ರಿಲ್ 26ಕ್ಕೆ ನನ್ನ ತಮ್ಮ, ಅಂದರೆ ಅವಳ ಮಗ, ದಾವಣಗೆರೆ ಸ್ಟೇಷನ್ನಿನ ಕೌಂಟರಿನಲ್ಲಿ ನಿಂತು ಸ್ಲೀಪರ್ ಟಿಕೆಟ್ ತೆಗೆಸಿದ್ದ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ನಂಬರ್ 16589. ಒಬ್ಬರಿಗೆ ಹತ್ತಿರ ಹತ್ತಿರ ಇನ್ನೂರು, ಮೂವರಿಗೆ ಆರುನೂರಕ್ಕೆ ಸ್ವಲ್ಪ ಕಡಿಮೆ. ತೆಗೆಸಿದವನು ಅದನ್ನು ಓದಿರಲಿಲ್ಲ, ಜೇಬಿಗೆ ಹಾಕಿಕೊಂಡು ಬಂದಿದ್ದ.

ಫೋಟೋದಲ್ಲಿ ಮೊದಲು ಕಂಡಿದ್ದು ಚಿಕ್ಕಮ್ಮನ ಹೆಬ್ಬೆರಳು. ಅದು ಸರಿಯಾಗಿ ಎಡಗಡೆಯ ಮೇಲ್ತುದಿಯಲ್ಲಿ, PNR ಎಂಬ ಹತ್ತು ಅಂಕಿಯ ಟಿಕೆಟ್ ನಂಬರಿನ ಮೇಲೆಯೇ ಕೂತಿತ್ತು. ಕೌಂಟರ್ ಟಿಕೆಟ್ಟಿನ ಮುದ್ರಣ ಮೊದಲೇ ಮಂಕು, ಅದರ ಮೇಲೆ ಟ್ಯೂಬ್‌ಲೈಟಿನ ಹೊಳಪು ಬೇರೆ. "ಕಾಗದ ಟೇಬಲ್ ಮೇಲಿಟ್ಟು, ಬೆರಳು ತೆಗೆದು ಇನ್ನೊಮ್ಮೆ ಹೊಡಿ" ಅಂದೆ. ಯಾರಾದರೂ ನಿಮಗೆ ಟಿಕೆಟ್ಟಿನ ಫೋಟೋ ಕಳಿಸಿದರೆ ಮೊದಲು ಈ ಹತ್ತು ಅಂಕಿ ಪೂರ್ತಿ ಕಾಣುತ್ತವೆಯೇ ನೋಡಿಕೊಳ್ಳಿ. ಟಿಕೆಟ್ಟಿನ ಮೇಲೆ ಅಚ್ಚಾಗಿರುವುದು ತೆಗೆಸಿದ ದಿನದ ಸ್ಥಿತಿ. ಇವತ್ತಿನ ಸ್ಥಿತಿ ತಿಳಿಯಲು ಆ ಅಂಕಿಗಳೇ ಬೇಕು. PNR ಎಂದು ಬರೆದು ಮುಂದೆ ಆ ಹತ್ತು ಅಂಕಿ ಹಾಕಿ 139ಕ್ಕೆ ಮೆಸೇಜ್ ಕಳಿಸಿದರೂ ಉತ್ತರ ಬರುತ್ತದೆ.

ಎರಡನೇ ಫೋಟೋ ಚೆನ್ನಾಗಿ ಬಂತು. ಆದರೆ ಬೋಗಿಯ ಹೆಸರು ಇರಬೇಕಾದ ಜಾಗದಲ್ಲಿ S5, S6 ಅಂಥದ್ದೇನೂ ಇರಲಿಲ್ಲ. PQWL ಎಂದಿತ್ತು, ಮೂವರ ಮುಂದೆ 14, 15, 16.

"ಹದಿನಾಕು, ಹದಿನೈದು, ಹದಿನಾರು. ಮೂರೂ ಒಂದೇ ಕಡೆ ಬಂದಾವು, ಅಲ್ಲೇನು?" ಅಂದಳು ಚಿಕ್ಕಮ್ಮ ಖುಷಿಯಿಂದ.

ಅವು ಸೀಟಿನ ನಂಬರಲ್ಲ, ಸಾಲಿನ ನಂಬರು ಎಂದು ಹೇಳುವುದಕ್ಕೆ ನನಗೇ ಬೇಜಾರಾಯಿತು. ಹಬ್ಬದ ಹಿಂದಿನ ದಿನ ಬೆಣ್ಣೆ ದೋಸೆ ಹೋಟೆಲಿನ ಮುಂದೆ ಟೋಕನ್ ಹಿಡಿದು ನಿಂತಂತೆ ಇದು ಎಂದೆ. ಒಳಗೆ ತಿನ್ನುತ್ತಿರುವವರು ಎದ್ದರೆ ಮಾತ್ರ ನಮಗೆ ಜಾಗ. ಟಿಕೆಟ್ ಕ್ಯಾನ್ಸಲ್ ಮಾಡಿಸಿದವರಿದ್ದರೆ ಸಾಲು ಮುಂದೆ ಸರಿಯುತ್ತದೆ, ಇಲ್ಲದಿದ್ದರೆ ಇಲ್ಲ. WL ಎಂಬ ಎರಡಕ್ಷರ ಎಲ್ಲಿ ಕಂಡರೂ ಅದು ವೇಟಿಂಗ್ ಲಿಸ್ಟ್. ಅದರ ಹಿಂದಿರುವ ಅಕ್ಷರಗಳು ಯಾವ ಸಾಲಿನಲ್ಲಿ ನಿಂತಿದ್ದೀರಿ ಎನ್ನುವುದನ್ನು ಹೇಳುತ್ತವೆ.

ಅಲ್ಲೇ ನಮ್ಮ ತೊಂದರೆ ಇದ್ದದ್ದು. GNWL ಎಂದರೆ ಸಾಮಾನ್ಯ ಸಾಲು. ರೈಲು ಹೊರಡುವ ಊರಿನಿಂದ, ಅಥವಾ ಅದರ ಹತ್ತಿರದಿಂದ, ದೂರ ಹೋಗುವವರಿಗೆ ಸಿಗುವಂಥದ್ದು. ಸೀಟುಗಳು ಹೆಚ್ಚು ಇರುವುದು ಅವರ ಪಾಲಿಗೆ, ಕ್ಯಾನ್ಸಲ್ ಆಗುವುದೂ ಅಲ್ಲಿಯೇ ಹೆಚ್ಚು. RLWL ಎಂದರೆ ನಡುವಿನ ಕೆಲವು ದೊಡ್ಡ ಸ್ಟೇಷನ್ನುಗಳಿಗೆ ಎಂದೇ ತೆಗೆದಿಟ್ಟ ಸೀಟುಗಳ ಸಾಲು. ನಮ್ಮದು PQWL. ದಾರಿಯ ನಡುವೆ ಹತ್ತಿ ನಡುವೆಯೇ ಇಳಿಯುವವರನ್ನು, ಹಲವು ಸಣ್ಣ ಊರುಗಳವರನ್ನು, ಒಟ್ಟಿಗೆ ಸೇರಿಸಿ ಅವರಿಗೊಂದು ಸಣ್ಣ ಪಾಲು ಕೊಟ್ಟಿರುತ್ತಾರೆ. ಬೆಂಗಳೂರಿನಿಂದ ಮಿರಜಿಗೆ ಹೋಗುವವನು ಟಿಕೆಟ್ ವಾಪಸ್ ಕೊಟ್ಟರೆ ಆ ಸೀಟು ಮೊದಲು ಸಾಮಾನ್ಯ ಸಾಲಿನವರಿಗೆ ಹೋಗುತ್ತದೆ. ಹಾಗಾಗಿ ಸಾಮಾನ್ಯ ಸಾಲಿನ 40 ಸರಾಗವಾಗಿ ಕರಗಬಹುದು, ಈ ಸಾಲಿನ 10 ಅಲ್ಲೇ ಕೂತಿರಬಹುದು. ಅಂಕಿ ಸಣ್ಣದು ಎಂದು ಧೈರ್ಯ ತಂದುಕೊಳ್ಳಬೇಡಿ. ಮೊದಲು ಅಕ್ಷರ ನೋಡಿ.

PNR ಹಾಕಿ ನೋಡಿದೆ. ಅವತ್ತಿಗೆ 8, 9, 10. ಮೊಬೈಲಿನಲ್ಲಿ ಎರಡು ಅಂಕಿ ಕಾಣುತ್ತವೆ: ಒಂದು ತೆಗೆಸಿದಾಗಿನದು, ಇನ್ನೊಂದು ಈಗಿನದು. ಈಗಿನದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಪ್ಪತ್ತು ದಿನಕ್ಕೆ ಆರು ಜನ ಸರಿದಿದ್ದಾರೆ, ಉಳಿದಿರುವುದು ನಾಲ್ಕೇ ದಿನ.

ನಾಲ್ಕು ದಿನ ಎಂದದ್ದೇ ತಡ, ಚಿಕ್ಕಮ್ಮ "ಐದು ದಿನ" ಎಂದಳು. ಫೋಟೋವನ್ನು ಇನ್ನೊಮ್ಮೆ ಹಿಗ್ಗಿಸಿ ನೋಡಿದೆ. ಟಿಕೆಟ್ಟಿನಲ್ಲಿದ್ದ ತಾರೀಕು 20-05-2025, ಮಂಗಳವಾರ. ಆದರೆ ಈ ರೈಲು ಬೆಂಗಳೂರು ಬಿಡುವುದು ರಾತ್ರಿ 11ರ ಸುಮಾರಿಗೆ, ದಾವಣಗೆರೆಗೆ ಬರುವುದು ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಅಂದರೆ ಅದು ಸೋಮವಾರ ರಾತ್ರಿ ಬೆಂಗಳೂರು ಬಿಟ್ಟ ರೈಲು. ಇವರು ಸೋಮವಾರ ರಾತ್ರಿ ಮಲಗುವುದರೊಳಗೆ ಗಂಟು ಕಟ್ಟಿಟ್ಟುಕೊಂಡಿರಬೇಕು. ಚಿಕ್ಕಮ್ಮನ ಲೆಕ್ಕದಲ್ಲಿ ಮಂಗಳವಾರ ಇಡೀ ಹಗಲು ಕೈಯಲ್ಲಿತ್ತು, ಅವತ್ತು ಚಕ್ಕುಲಿ ಮಾಡುವವಳಿದ್ದಳು. ರಾತ್ರಿ ಸ್ಟೇಷನ್ನಿಗೆ ಹೋಗಿದ್ದರೆ ರೈಲು ಹೋಗಿ ಹದಿನೆಂಟು ಗಂಟೆ ಆಗಿರುತ್ತಿತ್ತು. ವೇಟಿಂಗ್ ಲಿಸ್ಟಿನ ಗೊಂದಲ ಹಾಗಿರಲಿ, ನಮ್ಮೂರಿನವರನ್ನು ಹೆಚ್ಚು ಕೆಡವುವುದು ಈ ತಾರೀಕೇ. ದಾವಣಗೆರೆಗೆ ನಡುರಾತ್ರಿ ದಾಟಿದ ಮೇಲೆ ಬರುವ ಯಾವ ರೈಲಾದರೂ ಸರಿ, ಟಿಕೆಟ್ಟಿನ ತಾರೀಕಿನ ಹಿಂದಿನ ರಾತ್ರಿಯೇ ಎಚ್ಚರವಾಗಿರಬೇಕು. ರೈಲು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವಾಗಲೂ ಅದು ಹೊರಟ ದಿನದ ತಾರೀಕನ್ನೇ ಆರಿಸಬೇಕು, ಇಲ್ಲದಿದ್ದರೆ ಬೇರೆ ದಿನದ ರೈಲು ನೋಡಿಕೊಂಡು ಕೂತಿರುತ್ತೀರಿ.

ಇದಾದ ಮೇಲೆ ದಿನಕ್ಕೆರಡು ಸಲ ಫೋನು. ಭಾನುವಾರ 4, 5, 6 ಆಯಿತು. ಸೋಮವಾರ ಬೆಳಿಗ್ಗೆ 2, 3, 4. ಚಿಕ್ಕಮ್ಮ ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಕೇಳುತ್ತಿದ್ದಳು. "ಇನ್ನೆರಡು ಹೋದ್ರ ಆಯ್ತಲ್ಲ?" ಆಯ್ತು, ಅವಳಿಗೊಬ್ಬಳಿಗೆ. ಮೂವರಿಗೂ ಆಗಬೇಕಾದರೆ ನಾಲ್ಕು ಜಾಗ ಬೇಕಿತ್ತು.

ನಡುವೆ ಅವಳಿಗೆ ಯಾರೋ ಆರ್‌ಎಸಿ ಬಂದರೂ ಸಾಕು ಎಂದು ಹೇಳಿದ್ದರು. ಅದು ನಿಜ. RAC ಎಂದು ಬಂದರೆ ರೈಲು ಹತ್ತಬಹುದು, ಕೂರಲು ಜಾಗ ಖಾತ್ರಿ. ಸ್ಲೀಪರಿನಲ್ಲಿ ಕಿಟಕಿ ಪಕ್ಕದ ಉದ್ದುದ್ದದ ಕೆಳಗಿನ ಬರ್ತನ್ನು ಇಬ್ಬರಿಗೆ ಹಂಚಿರುತ್ತಾರೆ. ಯಾರಾದರೂ ಬಾರದೆ ಉಳಿದರೆ ಟಿಟಿಇ ಒಬ್ಬರಿಗೆ ಪೂರ್ತಿ ಬರ್ತ್ ಮಾಡಿಕೊಡುತ್ತಾರೆ. ನಾನು ಒಮ್ಮೆ ಹಾಗೆ ಹೋಗಿದ್ದೇನೆ, ಎದುರಿಗೆ ಕೂತಿದ್ದ ಹಿರಿಯರ ಕಾಲು ನನ್ನ ಮಡಿಲಲ್ಲಿ, ನನ್ನ ಕಾಲು ಅವರ ಚೀಲದ ಮೇಲೆ. ಆದರೂ ಊರು ಸೇರಿದೆವು. WL ಹಾಗಲ್ಲ. ವೇಟಿಂಗ್ ಟಿಕೆಟ್ಟಿನವರಿಗೆ ಸ್ಲೀಪರ್ ಬೋಗಿಯಲ್ಲಿ ಕೂರುವ ಹಕ್ಕಿಲ್ಲ. ಮೊದಲೆಲ್ಲ ಕೌಂಟರ್ ಟಿಕೆಟ್ ಹಿಡಿದವರು ಬಾಗಿಲ ಬಳಿ ನಿಂತು ಹೇಗೋ ಹೋಗಿಬಿಡುತ್ತಿದ್ದರು. 2025ರ ಮೇ 1ರಿಂದ ರೈಲ್ವೆ ಅದನ್ನು ಬಿಗಿ ಮಾಡಿದೆ.

ಚಾರ್ಟ್ ಆಗುವವರೆಗೆ ಕಾಯೋಣ ಎಂದು ಮಾತಾಯಿತು. ಚಾರ್ಟ್ ಎಂದರೆ ಯಾರಿಗೆ ಯಾವ ಬರ್ತ್ ಎಂಬ ಕೊನೆಯ ಪಟ್ಟಿ. ಆಗ ಅದು ರೈಲು ಹೊರಡುವ ನಾಲ್ಕು ಗಂಟೆ ಮೊದಲು ತಯಾರಾಗುತ್ತಿತ್ತು. ನಾಲ್ಕು ಗಂಟೆ ಎಂದರೆ ದಾವಣಗೆರೆಗೆ ಬರುವ ನಾಲ್ಕು ಗಂಟೆ ಮೊದಲಲ್ಲ, ಬೆಂಗಳೂರು ಬಿಡುವ ನಾಲ್ಕು ಗಂಟೆ ಮೊದಲು. ನಮ್ಮ ತಮ್ಮ ನಡುರಾತ್ರಿ ನೋಡಿದರಾಯಿತು ಎಂದುಕೊಂಡಿದ್ದ. ಲೆಕ್ಕ ಹಾಕಿದರೆ ಸಂಜೆ ಏಳು. ಸ್ಟೇಷನ್ನಿನ ರಿಸರ್ವೇಶನ್ ಕೌಂಟರ್ ಮುಚ್ಚುವುದು ರಾತ್ರಿ ಎಂಟಕ್ಕೆ. ನಡುವೆ ಇರುವುದು ಒಂದೇ ಗಂಟೆ. ಪುಣ್ಯಕ್ಕೆ ಅವತ್ತು ಸೋಮವಾರ. ಭಾನುವಾರವಾಗಿದ್ದರೆ ಕೌಂಟರ್ ಮಧ್ಯಾಹ್ನವೇ ಮುಚ್ಚಿರುತ್ತಿತ್ತು.

ಏಳು ದಾಟಿ ಐದು ನಿಮಿಷಕ್ಕೆ ನೋಡಿದೆ. ಚಾರ್ಟ್ ಆಗಿತ್ತು. ಮೊದಲ ಹೆಸರು, ಚಿಕ್ಕಮ್ಮನದು: CNF, ಅಂದರೆ ಖಾತ್ರಿ, S6, 22. ಎರಡನೆಯದು WL 1. ಮೂರನೆಯದು WL 2.

22 ಅಂದರೆ ಯಾವ ಬರ್ತ್ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಸ್ಲೀಪರಿನಲ್ಲಿ ಎಂಟೆಂಟರ ಗುಂಪು. 1 ಕೆಳಗೆ, 2 ನಡುವೆ, 3 ಮೇಲೆ. ಎದುರಿನ ಸಾಲಿನಲ್ಲಿ 4 ಕೆಳಗೆ, 5 ನಡುವೆ, 6 ಮೇಲೆ. 7 ಪಕ್ಕದ ಕೆಳಗಿನದು, 8 ಪಕ್ಕದ ಮೇಲಿನದು. ಬಂದ ನಂಬರನ್ನು ಎಂಟರಿಂದ ಭಾಗಿಸಿ ಶೇಷ ನೋಡಿದರೆ ಸಾಕು. ಶೇಷ ಸೊನ್ನೆ ಬಂದರೆ ಎಂಟನೆಯದು ಎಂದು ತಿಳಿಯಿರಿ. 22ರಲ್ಲಿ ಎರಡು ಎಂಟು ಕಳೆದರೆ ಉಳಿಯುವುದು 6. ಅಂದರೆ ಮೇಲಿನ ಬರ್ತ್, UB. 45 ದಾಟಿದ ಹೆಂಗಸರಿಗೆ ಕೆಳಗಿನದು ಖಾಲಿ ಇದ್ದರೆ ಕಂಪ್ಯೂಟರು ಅದನ್ನೇ ಕೊಡಲು ನೋಡುತ್ತದೆ. ಚಾರ್ಟ್ ಆಗುವ ಹೊತ್ತಿಗೆ ಖಾಲಿ ಉಳಿಯುವುದು ಯಾರಿಗೂ ಬೇಡವಾದದ್ದೇ. ಮಂಡಿನೋವಿನ ಚಿಕ್ಕಮ್ಮನಿಗೆ ಅಟ್ಟ ಸಿಕ್ಕಿತ್ತು.

"ನನ್ನ ಸೀಟಿನಾಗ ಮೂವರೂ ಅಡ್ಜಸ್ಟ್ ಮಾಡ್ಕೊಂತೀವಿ ಬಿಡು" ಎಂದಳು. ಮೇಲಿನ ಬರ್ತಿನಲ್ಲಿ ಮೂವರು ಹೇಗೆ ಕೂರುತ್ತಾರೆ ಎಂದು ಕೇಳಿದೆ. ಅವಳಿಗೆ ನಗು ಬಂತು, ಆಮೇಲೆ ಅಳುವೇ ಬಂತು. ಒಬ್ಬಳೇ ಹೋಗುವುದಕ್ಕೆ ಸುತಾರಾಂ ಒಪ್ಪಲಿಲ್ಲ. ಚಿಕ್ಕಪ್ಪ ಜನರಲ್ ಬೋಗಿ ಎಂದರು, ಆ ಹೊತ್ತಿನಲ್ಲಿ ಬೆಂಗಳೂರಿನಿಂದ ತುಂಬಿಕೊಂಡು ಬರುವ ಜನರಲ್ ಬೋಗಿಗೆ ಇವರಿಬ್ಬರನ್ನು ಹತ್ತಿಸುವ ಧೈರ್ಯ ನನಗಿರಲಿಲ್ಲ. ಬಸ್ಸೇ ಸರಿ ಎಂದಾಯಿತು.

ಹಾಗಾದರೆ ಟಿಕೆಟ್ಟಿನ ದುಡ್ಡು? ತಮ್ಮ ಫೋನಿನಲ್ಲಿ ಆರಾಮಾಗಿ ಹೇಳಿದ, "ವೇಟಿಂಗ್ ಇದ್ರ ತಾನೇ ಕ್ಯಾನ್ಸಲ್ ಆಗಿ ದುಡ್ಡು ಬರ್ತದಲ್ಲಣ್ಣ." ಅದು ಮೊಬೈಲಿನಲ್ಲಿ ತೆಗೆದ ಇ-ಟಿಕೆಟ್ಟಿನ ಮಾತು. ಅದರಲ್ಲಿ ಎಲ್ಲರೂ ಚಾರ್ಟ್ ಆದ ಮೇಲೂ ವೇಟಿಂಗಿನಲ್ಲೇ ಉಳಿದರೆ ಟಿಕೆಟ್ ತಾನಾಗಿ ರದ್ದಾಗಿ, ತಲೆಗೆ 60 ರೂಪಾಯಿ ಹಿಡಿದು ಉಳಿದದ್ದು ಖಾತೆಗೆ ಬರುತ್ತದೆ. ಕೌಂಟರಿನ ಕಾಗದದ ಟಿಕೆಟ್ ತಾನಾಗಿ ಏನೂ ಆಗುವುದಿಲ್ಲ. ರೈಲು ಹೊರಡುವ ಅರ್ಧ ಗಂಟೆ ಮೊದಲಾದರೂ ನಾವೇ ರದ್ದು ಮಾಡಿಸಬೇಕು. ಸುಮ್ಮನಿದ್ದರೆ ಒಂದು ಪೈಸೆಯೂ ಇಲ್ಲ.

ಕೌಂಟರಿಗೆ ಹೋಗದೆ 139ಕ್ಕೆ ಫೋನ್ ಮಾಡಿ, ಅಥವಾ ಐಆರ್‌ಸಿಟಿಸಿ ವೆಬ್‌ಸೈಟಿನಲ್ಲಿ ಕೌಂಟರ್ ಟಿಕೆಟನ್ನು ರದ್ದು ಮಾಡುವ ದಾರಿಯೂ ಇದೆ. ಒಟಿಪಿ ಬರುತ್ತದೆ, ರದ್ದಾದ ಮೇಲೆ ಮೂಲ ಟಿಕೆಟ್ ಕೊಟ್ಟು ಕೌಂಟರಿನಲ್ಲಿ ಹಣ ಪಡೆಯಬೇಕು. ಆದರೆ ಒಟಿಪಿ ಹೋಗುವುದು ಟಿಕೆಟ್ ತೆಗೆಸುವಾಗ ಫಾರಮ್ಮಿನಲ್ಲಿ ಬರೆದ ನಂಬರಿಗೆ. ತಮ್ಮ ಬರೆದದ್ದು ಚಿಕ್ಕಪ್ಪನ ಹಳೆಯ ನಂಬರು, ಆ ಸಿಮ್ ಬಂದಾಗಿ ವರ್ಷವಾಗಿತ್ತು. ಫಾರಮ್ಮಿನ ಆ ಸಣ್ಣ ಚೌಕದಲ್ಲಿ ಕೈಯಲ್ಲಿರುವ ಫೋನಿನ ನಂಬರನ್ನೇ ಬರೆಯಿರಿ.

ಇನ್ನು ಮೂಲ ಟಿಕೆಟ್. ಅದು ತಮ್ಮನ ಪರ್ಸಿನಲ್ಲಿ, ತಮ್ಮ ಹರಿಹರದಲ್ಲಿ ಕೆಲಸದ ಮೇಲೆ. "ಫೋಟೋ ನಿನ್ನ ಹತ್ರ ಐತಲ್ಲ, ಅದನ್ನ ತೋರ್ಸು" ಎಂದಳು ಚಿಕ್ಕಮ್ಮ. ಆಗ ಗೊತ್ತಾಯಿತು, ಇವರು ಪ್ರಯಾಣಕ್ಕೂ ಆ ಫೋಟೋವನ್ನೇ ನೆಚ್ಚಿಕೊಂಡಿದ್ದರು. ಕೌಂಟರ್ ಟಿಕೆಟ್ಟಿಗೆ ಫೋಟೋ ನಡೆಯುವುದಿಲ್ಲ. ರೈಲಿನಲ್ಲಿ ಆ ಕಾಗದ ಇಲ್ಲದಿದ್ದರೆ ಟಿಕೆಟ್ ಇಲ್ಲದವರ ಲೆಕ್ಕ, ಕೌಂಟರಿನಲ್ಲಿ ಆ ಕಾಗದ ಇಲ್ಲದಿದ್ದರೆ ಹಣವೂ ಇಲ್ಲ. ಫೋನಿನಲ್ಲಿ ತೋರಿಸಿ ಹೋಗಬಹುದಾದದ್ದು ಇ-ಟಿಕೆಟ್ ಮಾತ್ರ, ಅದಕ್ಕೂ ಜೊತೆಗೆ ಗುರುತಿನ ಚೀಟಿ ಬೇಕು.

ತಮ್ಮ ಬೈಕಿನಲ್ಲಿ ಹೊರಟ. ನಾನು ನಿಟುವಳ್ಳಿಯಿಂದ ಸ್ಟೇಷನ್ನಿಗೆ ಹೋಗಿ ಮೊದಲೇ ಸಾಲಿನಲ್ಲಿ ನಿಂತೆ. ಮುಂದೆ ಆರು ಜನ. ರದ್ದು ಮಾಡಿಸುವುದಕ್ಕೂ ಟಿಕೆಟ್ ತೆಗೆಸುವ ಅದೇ ಫಾರಂ, ಅದನ್ನು ಗೋಡೆಗೆ ಒತ್ತಿ ಹಿಡಿದು ಬರೆದೆ. ಪೆನ್ನು ಹಿಂದಿನವರಿಂದ ಕಡ. ಏಳೂ ಮುಕ್ಕಾಲಿಗೆ ನನ್ನ ಮುಂದೆ ಇಬ್ಬರು ಉಳಿದಿದ್ದರು, ತಮ್ಮನ ಸುಳಿವಿಲ್ಲ. ಪಿ.ಬಿ. ರಸ್ತೆಯಲ್ಲಿ ಸಿಕ್ಕಿಕೊಂಡಿದ್ದನಂತೆ. ನನ್ನ ಸರದಿ ಬಂದಾಗ ಹಿಂದಿನವರನ್ನು ಮುಂದೆ ಬಿಟ್ಟೆ, ಇನ್ನೊಬ್ಬರನ್ನೂ ಬಿಟ್ಟೆ. ಎಂಟಕ್ಕೆ ಎಂಟು ನಿಮಿಷ ಇರುವಾಗ ಅವನು ಹೆಲ್ಮೆಟ್ಟಿನಲ್ಲೇ ಓಡಿ ಬಂದ.

ಬರುತ್ತಲೇ ಅವನದೊಂದು ಉಪಾಯ. ಮೊದಲು ವೇಟಿಂಗಿನ ಇಬ್ಬರನ್ನು ರದ್ದು ಮಾಡಿಸೋಣ, ಅಮ್ಮನದು ಖಾತ್ರಿಯಾಗಿದೆಯಲ್ಲ, ಅದನ್ನು ಆಮೇಲೆ ನೋಡೋಣ, ಅವಳ ಮನಸ್ಸು ಬದಲಾದರೂ ಆದೀತು ಎಂದ. ಫಾರಂ ನೋಡುತ್ತಿದ್ದ ಕೌಂಟರಿನವರು ತಲೆ ಎತ್ತಿ, "ಮೂವರೂ ಹೋಗಲ್ಲ ಅಂದ್ರೆ ಪೂರ್ತಿ ಟಿಕೆಟ್ ಒಟ್ಟಿಗೇ ಕೊಡಿ. ಬಿಡಿಸಿದ್ರೆ ನಿಮಗೇ ಲಾಸು" ಎಂದರು.

ಅದರ ಆಗಿನ ಲೆಕ್ಕ ಹೀಗಿತ್ತು. ಸ್ಲೀಪರಿನಲ್ಲಿ ಖಾತ್ರಿಯಾದ ಟಿಕೆಟನ್ನು 48 ಗಂಟೆಗೆ ಮೊದಲೇ ರದ್ದು ಮಾಡಿದರೆ ತಲೆಗೆ 120 ರೂಪಾಯಿ ಹಿಡಿಯುತ್ತಿದ್ದರು. 48ರಿಂದ 12 ಗಂಟೆಯೊಳಗಾದರೆ ಟಿಕೆಟ್ ದರದ ಕಾಲು ಭಾಗ, 12ರಿಂದ 4 ಗಂಟೆಯೊಳಗಾದರೆ ಅರ್ಧ, ಆದರೆ ಯಾವಾಗಲೂ ಆ 120ಕ್ಕಿಂತ ಕಡಿಮೆಯಲ್ಲ. ನಾಲ್ಕು ಗಂಟೆಯೂ ಉಳಿದಿಲ್ಲವೆಂದರೆ ಏನೂ ಬರುತ್ತಿರಲಿಲ್ಲ. 2015ರ ನವೆಂಬರಿನಿಂದ ಇದೇ ನಿಯಮವಿತ್ತು. ನಮ್ಮ ರೈಲಿಗೆ ಎಂಟು ಗಂಟೆ ಇತ್ತು, ಹಾಗಾಗಿ ಅರ್ಧ. ಇನ್ನೂರರ ಅರ್ಧ ನೂರು, ಅದು 120ಕ್ಕಿಂತ ಕಡಿಮೆ, ಆದ್ದರಿಂದ 120. ವೇಟಿಂಗಿನ ಇಬ್ಬರಿಗೆ ತಲಾ 60. ಒಟ್ಟು 240 ಹೋಗುತ್ತಿತ್ತು.

ಆದರೆ ಒಂದೇ ಟಿಕೆಟ್ಟಿನಲ್ಲಿ ಕೆಲವರದು ಖಾತ್ರಿಯಾಗಿ ಕೆಲವರದು ವೇಟಿಂಗಿನಲ್ಲೋ ಆರ್‌ಎಸಿಯಲ್ಲೋ ಉಳಿದಿದ್ದರೆ, ಇಡೀ ಟಿಕೆಟನ್ನು ರೈಲಿನ ಅರ್ಧ ಗಂಟೆ ಮೊದಲು ಒಟ್ಟಿಗೆ ಒಪ್ಪಿಸಿದರೆ, ಖಾತ್ರಿಯಾದವರಿಗೂ 60 ರೂಪಾಯಿ ಮಾತ್ರ ಹಿಡಿಯಬೇಕು ಎಂಬ ನಿಯಮವಿದೆ. ಮನೆಮಂದಿಯನ್ನು ಬೇರೆ ಮಾಡಿ ಕಳಿಸಬಾರದು ಎಂದು ಮಾಡಿದ್ದಿರಬೇಕು. ತಮ್ಮ ಹೇಳಿದಂತೆ ಇಬ್ಬರನ್ನು ಮೊದಲು ತೆಗೆಸಿದ್ದರೆ ಉಳಿದದ್ದು ಬರೀ ಖಾತ್ರಿ ಟಿಕೆಟ್, ಅದಕ್ಕೆ ಈ ರಿಯಾಯಿತಿ ಇಲ್ಲ. ನಡುರಾತ್ರಿ ದಾಟಿದ ಮೇಲೆ ಯೋಚಿಸಿದ್ದರೆ ಆ ಇನ್ನೂರೂ ಗೋವಿಂದ. ಅರವತ್ತು ರೂಪಾಯಿಯ ವ್ಯತ್ಯಾಸಕ್ಕೆ ಇಷ್ಟು ಬರೆಯಬೇಕೇ ಎನ್ನಬೇಡಿ, ಎಸಿ ಬೋಗಿಯ ದೂರದ ಟಿಕೆಟ್ಟಾಗಿದ್ದರೆ ಇದೇ ಲೆಕ್ಕ ಸಾವಿರಗಳಲ್ಲಿ ಬರುತ್ತದೆ.

180 ಹಿಡಿದು ಉಳಿದದ್ದನ್ನು ಕೈಗೆ ಎಣಿಸಿದರು. ನಗದು ಕೊಟ್ಟು ತೆಗೆಸಿದ್ದರಿಂದ ನಗದೇ ಬಂತು. ಹಿಂದೆ ಶಟರ್ ಅರ್ಧ ಇಳಿಯಿತು. ತಮ್ಮ ಬಸ್ ಸ್ಟ್ಯಾಂಡಿನ ಕಡೆ ಹೋದ, ನಾನು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಬಸ್ಸಿಗೆ ರೈಲಿಗಿಂತ ಜಾಸ್ತಿಯೇ ಆಯಿತು, ಚಿಕ್ಕಮ್ಮ ಅದನ್ನು ನನಗೆ ಮೂರು ಸಲ ಹೇಳಿದಳು. ಚಕ್ಕುಲಿ ಆಗಲೇ ಇಲ್ಲ.

ವಾಪಸ್ ಬರುವ ಟಿಕೆಟನ್ನು ಅವಳ ತಂಗಿಯ ಮಗ ಬೆಳಗಾವಿಯ ಕೌಂಟರಿನಲ್ಲಿ ತೆಗೆಸಿದ. ಮೊನ್ನೆ ಅದರ ಫೋಟೋ ಬಂತು. ಟೇಬಲ್ ಮೇಲೆ ಹರಡಿಟ್ಟ ಕಾಗದ, ಬೆರಳು ಎಲ್ಲೂ ಇಲ್ಲ, PNRನ ಹತ್ತೂ ಅಂಕಿ ಸ್ಪಷ್ಟ. ನಾನು ಹಿಗ್ಗಿಸಿ ನೋಡುವುದರೊಳಗೆ ಧ್ವನಿ ಸಂದೇಶವೂ ಬಂತು: "ಎಸ್ ನಾಕು, ಹನ್ನೆರಡು. ಎಂಟು ಕಳದ್ರ ನಾಕು, ಕೆಳಗಿಂದು ಬಂದೈತಿ. ಗಾಡಿ ದಾವಣಗೆರಿಗೆ ಹನ್ನೆಲ್ಡು ದಾಟಿದ ಮ್ಯಾಲೆ ಬರ್ತದಂತ. ನೀನು ಕರ್ಕೊಳ್ಳಾಕ ಬರಾಕಿಂತ ಮುಂಚೆ ತಾರೀಕು ಸರಿಯಾಗಿ ನೋಡ್ಕ್ಯಪ್ಪಾ."